ತಲುಪಿದೆ ಅಂತ ಮನೆಗೆ ಹೇಳೋದು ಹೇಗೆ? ಮೆಸೇಜೋ, ವಾಯ್ಸ್ ನೋಟೋ, ವಿಡಿಯೋ ಕಾಲೋ

ಓದಲು ವಿದೇಶಕ್ಕೆ ಹೊರಟವರ ಮನೆಯಲ್ಲಿ ಎರಡು ಬೇರೆ ಬೇರೆ ಸುದ್ದಿಗೆ ಕಾಯುತ್ತಾರೆ. ಒಂದು, ಕ್ಷೇಮವಾಗಿ ತಲುಪಿದ ಸುದ್ದಿ. ಇನ್ನೊಂದು, ಆಮೇಲೆ ದಿನವೂ ವಾರವೂ ಬರಬೇಕಾದ 'ಚೆನ್ನಾಗಿದ್ದೀನಿ'. ಎರಡಕ್ಕೂ ಒಂದೇ ದಾರಿ ಸಾಕೆಂದು ಹೊರಟರೆ ತೊಂದರೆ ಶುರುವಾಗುತ್ತದೆ. ತಲುಪಿದ ಸುದ್ದಿ ಬೇಗ ಮುಟ್ಟಬೇಕು, ಅದರಲ್ಲಿ ಮುಖ ಕಾಣದಿದ್ದರೂ ನಡೆಯುತ್ತದೆ. ದಿನದ ಸುದ್ದಿ ತಡವಾಗಿ ಮುಟ್ಟಿದರೂ ಪರವಾಗಿಲ್ಲ, ಆದರೆ ಅದು ತಪ್ಪಿದರೆ ಏನೋ ಆಗಿದೆ ಎಂದು ಗೊತ್ತಾಗುವಂತಿರಬೇಕು.

ಉದಾಹರಣೆಗೆ ಒಂದು ಮನೆಯನ್ನು ಇಟ್ಟುಕೊಳ್ಳೋಣ. ಅಪ್ಪ ಅಮ್ಮ ಹಾಸನದಲ್ಲಿ. ಮಗಳು ಅಕ್ಟೋಬರ್ ಮೊದಲ ವಾರ ಬೆಂಗಳೂರಿನಿಂದ ಜರ್ಮನಿಯ ಫ್ರಾಂಕ್‌ಫರ್ಟ್‌ಗೆ ಹಾರಿ, ಅಲ್ಲಿಂದ ರೈಲಿನಲ್ಲಿ ಕಾರ್ಲ್ಸ್‌ರೂಹೆಗೆ ಹೋಗಬೇಕು. ಮನೆಯಲ್ಲಿ ಅಜ್ಜಿಯೂ ಇದ್ದಾರೆ, ಅವರು ಓದುವುದಿಲ್ಲ, ಕೇಳಿಸಿಕೊಳ್ಳುತ್ತಾರೆ.

ಯಾವುದನ್ನು ನೋಡಿ ಆರಿಸಬೇಕು

ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ನೆಟ್ ಕೈಕೊಟ್ಟಾಗಲೂ ಮುಟ್ಟುತ್ತದೆಯೇ? ಮುಟ್ಟಿತೆಂದು ಕಳಿಸಿದವರಿಗೆ ತಿಳಿಯುತ್ತದೆಯೇ? ಮನೆಯವರು ಯಾರ ಸಹಾಯವೂ ಇಲ್ಲದೆ ತೆರೆದು ಓದಬಲ್ಲರೇ, ಕೇಳಬಲ್ಲರೇ? ಕಳಿಸಿದ್ದು ಮಗಳೇ ಎಂಬುದು ಖಾತ್ರಿಯೇ? ಖರ್ಚು ಇವುಗಳ ನಂತರದ ಮಾತು. ವಿಮಾನ ಇಳಿದ ಒಂದು ದಿನವನ್ನು ಬಿಟ್ಟರೆ ಉಳಿದ ದಿನಗಳಲ್ಲಿ ಈ ಕೆಲಸಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು.

ಮೂರನೆಯ ಪ್ರಶ್ನೆಯನ್ನು ಮಕ್ಕಳು ಮರೆಯುತ್ತಾರೆ. ತಮಗೆ ಯಾವುದು ಸುಲಭವೋ ಅದನ್ನೇ ಆರಿಸಿಬಿಡುತ್ತಾರೆ. ರಾತ್ರಿ ಮೊಬೈಲ್ ಡೇಟಾ ಆಫ್ ಮಾಡಿ ಮಲಗುವ ಅಪ್ಪನಿಗೆ ವಾಟ್ಸಾಪ್ ಕಳಿಸಿ ಕಾಯುವುದಕ್ಕಿಂತ, ಹೊರಡುವ ಮುಂಚೆ "ಆ ಒಂದು ರಾತ್ರಿ ಡೇಟಾ ಆನ್ ಇರಲಿ, ಚಾರ್ಜಿಗೆ ಹಾಕಿಡಿ" ಎಂದು ಹೇಳಿ ಹೋಗುವುದು ಮೇಲು.

ತಲುಪಿದ ಸುದ್ದಿಗೆ ಯಾವುದು

*ವಾಟ್ಸಾಪ್‌ನಲ್ಲಿ ಬರೆದ ಮೆಸೇಜ್.* ತೀರಾ ದುರ್ಬಲ ವೈಫೈನಲ್ಲೂ ಹೋಗುತ್ತದೆ, ಮುಟ್ಟಿದ್ದು ಟಿಕ್‌ನಿಂದ ತಿಳಿಯುತ್ತದೆ. ಆ ಟಿಕ್‌ಗಳನ್ನು ಸರಿಯಾಗಿ ಓದಿ. ಗಡಿಯಾರದ ಗುರುತು ಕಂಡರೆ ಮೆಸೇಜ್ ಇನ್ನೂ ನಿಮ್ಮ ಫೋನನ್ನೇ ಬಿಟ್ಟಿಲ್ಲ. ಒಂದು ಟಿಕ್ ಬಂದರೆ ನಿಮ್ಮಿಂದ ಹೊರಟಿದೆ, ಮನೆಯ ಫೋನಿಗೆ ಮುಟ್ಟಿಲ್ಲ. ಅಲ್ಲಿ ಡೇಟಾ ಆಫ್ ಇರಬಹುದು. ಎರಡು ಬೂದು ಟಿಕ್ ಅಂದರೆ ಫೋನಿಗೆ ಮುಟ್ಟಿದೆ. ನೀಲಿಯಾದರೆ ತೆರೆದು ನೋಡಿದ್ದಾರೆ. ಎರಡು ಟಿಕ್ ಕಾಣುವವರೆಗೆ 'ತಿಳಿಸಿದೆ' ಎಂದುಕೊಳ್ಳಬೇಡಿ.

ವಿಮಾನ ನಿಲ್ದಾಣದಲ್ಲಿ ಹೆಚ್ಚಾಗಿ ಎಡವುವುದು ಗಡಿಯಾರದ ಗುರುತಿನ ಬಳಿ. ಮೇಲೆ ವೈಫೈ ಗುರುತು ಕಾಣುತ್ತಿರುತ್ತದೆ, ಮೆಸೇಜ್ ಮಾತ್ರ ಹೋಗುವುದಿಲ್ಲ. ಉಚಿತ ವೈಫೈಗೆ ಸೇರಿದ ಮೇಲೆ ಒಂದು ಪುಟ ತೆರೆದು ಷರತ್ತಿಗೆ ಒಪ್ಪಿಗೆ ಒತ್ತಬೇಕು, ಆಮೇಲಷ್ಟೇ ನೆಟ್ ಬಿಡುತ್ತಾರೆ. ಆ ಪುಟ ತಾನಾಗಿ ಬರದಿದ್ದರೆ ಬ್ರೌಸರ್ ತೆರೆದು ಯಾವುದಾದರೂ ವಿಳಾಸ ಹೊಡೆಯಿರಿ, ಬರುತ್ತದೆ. ಕೆಲವು ನಿಲ್ದಾಣಗಳಲ್ಲಿ ಫೋನಿಗೆ ಒಟಿಪಿ ಕಳಿಸುತ್ತಾರೆ. ಭಾರತದ ಸಿಮ್‌ಗೆ ರೋಮಿಂಗ್ ಇಲ್ಲದಿದ್ದರೆ ಒಟಿಪಿ ಬರುವುದಿಲ್ಲ, ವೈಫೈಯೂ ಸಿಗುವುದಿಲ್ಲ.

*ವಾಯ್ಸ್ ನೋಟ್.* ಓದಲಾಗದವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ದನಿಯಲ್ಲಿ ಮಗಳ ಸ್ಥಿತಿಯೂ ತಿಳಿಯುತ್ತದೆ. ಫೋಟೊ ವಿಡಿಯೋಗಳ ಆಟೋ ಡೌನ್‌ಲೋಡನ್ನು ಮನೆಯವರು ನಿಲ್ಲಿಸಿದ್ದರೂ ವಾಟ್ಸಾಪ್ ವಾಯ್ಸ್ ನೋಟ್ ತಾನಾಗಿ ಇಳಿಯುತ್ತದೆ. 15ರಿಂದ 20 ಸೆಕೆಂಡ್ ಸಾಕು. ಒಂದೇ ಕೊರತೆಯೆಂದರೆ, ಬ್ಯಾಂಕಿನಲ್ಲೋ ಬಸ್ಸಿನಲ್ಲೋ ಇರುವ ಅಪ್ಪ ಅದನ್ನು ಆ ಕ್ಷಣ ಕೇಳಲಾರರು. ಬರೆದ ಮೆಸೇಜನ್ನಾದರೆ ಪರದೆಯ ಮೇಲೆ ಒಂದು ಕಣ್ಣು ಹಾಯಿಸಿ ನೆಮ್ಮದಿ ಪಡುತ್ತಾರೆ. ಹಾಗಾಗಿ ಮೊದಲು ಬರೆದದ್ದು, ಅದರ ಹಿಂದೆಯೇ ದನಿ.

*ವಿಡಿಯೋ ಕಾಲ್.* ಅಮ್ಮನಿಗೆ ಬೇಕಾದದ್ದು ಇದೇ, ಸರಿ. ಆದರೆ ಇಳಿದ ತಕ್ಷಣ ಬೇಡ. ನೂರಾರು ಜನ ಒಟ್ಟಿಗೆ ಸೇರಿದ ವೈಫೈನಲ್ಲಿ ಮುಖ ಅರ್ಧದಲ್ಲಿ ನಿಂತು, ಮಾತು ತುಂಡಾಗಿ, "ಅಮ್ಮಾ ಲಗೇಜು…" ಎನ್ನುವಲ್ಲಿಗೆ ಕಾಲ್ ಕಡಿದರೆ ಮನೆಯಲ್ಲಿ ಮುಂದಿನ ಒಂದು ಗಂಟೆ ಲಗೇಜಿನದ್ದೇ ಚಿಂತೆ. ಮೂವತ್ತು ಗಂಟೆ ನಿದ್ದೆಗೆಟ್ಟ ಮುಖವೂ ಸಮಾಧಾನ ಕೊಡುವಂಥದ್ದಲ್ಲ. ರೂಮಿನ ಬೀಗ ತೆಗೆದು, ಮುಖ ತೊಳೆದು, ಆಮೇಲೆ ವಿಡಿಯೋ ಕಾಲ್ ಮಾಡಿ.

*ಸಾದಾ ಎಸ್ಎಂಎಸ್.* ನೆಟ್ ಇಲ್ಲದಾಗ ಇದೊಂದೇ ಆಸರೆ. ಇದಕ್ಕೆ ಭಾರತದ ಸಿಮ್‌ನಲ್ಲಿ ಅಂತರರಾಷ್ಟ್ರೀಯ ರೋಮಿಂಗ್ ಊರಿನಲ್ಲಿದ್ದಾಗಲೇ ಆನ್ ಆಗಿರಬೇಕು, ಫೋನಿನ ಸೆಟ್ಟಿಂಗ್‌ನಲ್ಲಷ್ಟೇ ಅಲ್ಲ, ಕಂಪನಿಯ ಕಡೆಯಿಂದಲೂ. ಕನ್ನಡದಲ್ಲಿ ಬರೆಯುವವರು ಒಂದು ಲೆಕ್ಕ ತಿಳಿದಿರಬೇಕು. ಇಂಗ್ಲಿಷ್ ಅಕ್ಷರದ ಒಂದು ಎಸ್ಎಂಎಸ್‌ಗೆ 160 ಅಕ್ಷರ ಹಿಡಿಸಿದರೆ, ಕನ್ನಡದ್ದಕ್ಕೆ 70 ಮಾತ್ರ. ಅದರಲ್ಲೂ ಗುಣಿತ, ಒತ್ತುಗಳೆಲ್ಲ ಬೇರೆ ಬೇರೆ ಎಣಿಕೆಗೆ ಬರುತ್ತವೆ. 'ಕ್ಷೇ' ಒಂದೇ ನಾಲ್ಕು ಜಾಗ ತಿನ್ನುತ್ತದೆ. 70 ದಾಟಿದರೆ ಅದು ಎರಡು ಎಸ್ಎಂಎಸ್ ಆಗುತ್ತದೆ, ರೋಮಿಂಗ್ ದರವೂ ಎರಡರದ್ದು. ಈ ವಾಕ್ಯ ಜಾಗವನ್ನೂ ಚುಕ್ಕೆಯನ್ನೂ ಸೇರಿಸಿ 56ಕ್ಕೆ ಮುಗಿಯುತ್ತದೆ:

"ಅಮ್ಮ, ಇಳಿದೆ. ಹುಷಾರಾಗಿದ್ದೀನಿ. ರೂಮಿಗೆ ಹೋಗಿ ಮತ್ತೆ ಹೇಳ್ತೀನಿ."

ಇದನ್ನು ಮೊದಲೇ ಟೈಪ್ ಮಾಡಿ ಡ್ರಾಫ್ಟ್‌ನಲ್ಲಿ ಇಟ್ಟುಕೊಳ್ಳಿ.

*ಲೈವ್ ಲೊಕೇಶನ್.* ವಾಟ್ಸಾಪ್‌ನಲ್ಲಿ ಇದನ್ನು 15 ನಿಮಿಷ, 1 ಗಂಟೆ ಅಥವಾ 8 ಗಂಟೆಗೆ ಕೊಡಬಹುದು. ವಿಮಾನ ನಿಲ್ದಾಣದಿಂದ ರೂಮಿನವರೆಗಿನ ದಾರಿಗೆ, ಅದೂ ಮ್ಯಾಪ್ ನೋಡಿ ತಿಳಿಯಬಲ್ಲ ಅಣ್ಣನಿಗೋ ಅಕ್ಕನಿಗೋ ಕೊಟ್ಟರೆ ಉಪಯೋಗವಿದೆ. ಆದರೆ ಅದಕ್ಕೆ ನಿರಂತರ ನೆಟ್ ಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ರೈಲು ಸುರಂಗದಲ್ಲಿ ಹೋದಾಗ ಚುಕ್ಕೆ ನಿಂತಲ್ಲೇ ನಿಲ್ಲುತ್ತದೆ. ನಿಂತ ಚುಕ್ಕೆಯನ್ನು ನೋಡುತ್ತ ಕುಳಿತ ತಾಯಿಗೆ ಅದು ಸಮಾಧಾನವಲ್ಲ, ಹಿಂಸೆ.

ಖರ್ಚಿನ ಲೆಕ್ಕ

ಏನೂ ಖರ್ಚು ಮಾಡಲಾಗದವರು ನಿಲ್ದಾಣದ ವೈಫೈಯನ್ನೇ ನಂಬಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಅದು ಉಚಿತ, ಸಾಮಾನ್ಯವಾಗಿ ಸಾಕಾಗುತ್ತದೆ. ಸ್ವಲ್ಪ ಖರ್ಚು ಮಾಡಬಲ್ಲವರು ಭಾರತದ ಸಿಮ್‌ಗೆ ಒಂದು ದಿನದ ರೋಮಿಂಗ್ ಪ್ಯಾಕ್ ಹಾಕಿಸುವುದು ಒಳ್ಳೆಯದು. ಡೇಟಾ, ಕರೆ, ಎಸ್ಎಂಎಸ್ ಮೂರೂ ಅದೇ ನಂಬರಿನಲ್ಲಿ ನಡೆಯುತ್ತವೆ, ಬ್ಯಾಂಕಿನ ಒಟಿಪಿಯೂ ಬರುತ್ತದೆ. ಪ್ರವಾಸಿಗರ ಇ-ಸಿಮ್ ಇದಕ್ಕಿಂತ ಅಗ್ಗವಾಗಿ ಹೆಚ್ಚು ಡೇಟಾ ಕೊಡಬಹುದು. ಆದರೆ ಅವುಗಳಲ್ಲಿ ಬಹಳಷ್ಟಕ್ಕೆ ಫೋನ್ ನಂಬರೇ ಇರುವುದಿಲ್ಲ, ಎಸ್ಎಂಎಸ್ ಕಳಿಸಲಾಗದು. ಕೊಂಡರೆ ಊರಿನಲ್ಲಿದ್ದಾಗಲೇ ಫೋನಿಗೆ ಇಳಿಸಿಕೊಳ್ಳಿ, ಇಳಿಸಲೂ ನೆಟ್ ಬೇಕು.

ಅಲ್ಲಿಗೆ ಹೋಗಿ ಸಿಮ್ ಕೊಂಡರಾಯಿತು ಎನ್ನುವುದು ಜರ್ಮನಿಯ ಮಟ್ಟಿಗೆ ತಪ್ಪು ಲೆಕ್ಕ. 2017ರಿಂದ ಅಲ್ಲಿ ಪ್ರಿಪೇಯ್ಡ್ ಸಿಮ್‌ಗೂ ಪಾಸ್‌ಪೋರ್ಟ್ ತೋರಿಸಿ ಗುರುತು ಖಾತ್ರಿ ಮಾಡಿಸಬೇಕು. ಅಂಗಡಿಯಲ್ಲಿ ಸಿಮ್ ಕೈಗೆ ಬಂದ ಮೇಲೂ ಅದು ಕೆಲಸ ಶುರುಮಾಡಲು ಹೊತ್ತು ಹಿಡಿಯಬಹುದು. ತಲುಪಿದ ಸುದ್ದಿಯನ್ನು ಆ ಸಿಮ್‌ಗಾಗಿ ಕಾಯಿಸಬೇಡಿ.

ಸಿಮ್ ಬದಲಾಯಿಸುವಾಗ ಭಾರತದ ಸಿಮ್ಮನ್ನು ತೆಗೆದು ಪರ್ಸಿನಲ್ಲಿ ಹಾಕಬೇಡಿ. ಅದು ಫೋನಿನಲ್ಲೇ ಇರಲಿ, ಹೊಸದು ಎರಡನೆಯ ಸ್ಲಾಟಿಗೋ ಇ-ಸಿಮ್ ಆಗಿಯೋ ಬರಲಿ. ವಾಟ್ಸಾಪ್ ಹಳೆಯ ನಂಬರಿನಲ್ಲೇ ಮುಂದುವರಿಯಲಿ. ಕಾರಣ ಮೇಲಿನ ನಾಲ್ಕನೆಯ ಪ್ರಶ್ನೆ. "ಅಮ್ಮ, ಇದು ನನ್ನ ಹೊಸ ನಂಬರ್, ಅರ್ಜೆಂಟಾಗಿ ಹಣ ಬೇಕು" ಎಂದು ಗುರುತಿಲ್ಲದ ನಂಬರಿನಿಂದ ಬರೆಯುವುದು ಮೋಸಗಾರರ ಹಳೆಯ ದಾರಿ, ಮಕ್ಕಳು ಈಗಷ್ಟೇ ವಿದೇಶಕ್ಕೆ ಹೋದ ಮನೆಗಳಲ್ಲಿ ಅದನ್ನು ಸುಲಭವಾಗಿ ನಂಬುತ್ತಾರೆ. ಹೊಸ ನಂಬರನ್ನು ಯಾವಾಗಲೂ ಹಳೆಯ ಚಾಟ್‌ನಿಂದಲೇ ತಿಳಿಸುತ್ತೇನೆ ಎಂದು ಮನೆಯಲ್ಲಿ ಮಾತಾಗಿರಲಿ. ಜೊತೆಗೆ ಮನೆಯವರಿಗಷ್ಟೇ ಗೊತ್ತಿರುವ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಹಳೇ ಮನೆಯ ಹಸುವಿನ ಹೆಸರೋ, ಅಜ್ಜಿ ಮುದ್ದಿಗೆ ಕರೆಯುವ ಹೆಸರೋ.

ಹಾಸನದ ಮನೆಗೆ ಮೆಸೇಜ್‌ಗಳು ಹೀಗೆ ಬರಬೇಕು

ಬೆಂಗಳೂರಿನಿಂದ ಗುರುವಾರ ಬೆಳಗಿನ ಜಾವ 2:30ಕ್ಕೆ ಹೊರಡುವ ನೇರ ವಿಮಾನ ಅಂದುಕೊಳ್ಳಿ. ಒಂಬತ್ತೂವರೆ ಗಂಟೆ ಹಾರಾಟ. ಫ್ರಾಂಕ್‌ಫರ್ಟ್‌ನಲ್ಲಿ ಇಳಿಯುವುದು ಅಲ್ಲಿನ ಬೆಳಿಗ್ಗೆ 8:30ಕ್ಕೆ, ಹಾಸನದಲ್ಲಿ ಆಗ ಮಧ್ಯಾಹ್ನ 12. ಮೊದಲ ಮೆಸೇಜ್ ಹೊರಡುವ ಮುಂಚೆಯೇ:

"ವಿಮಾನದಲ್ಲಿ ಕೂತೆ. ಫೋನ್ ಆಫ್ ಮಾಡ್ತೀನಿ. ಗುರುವಾರ ಮಧ್ಯಾಹ್ನ 12ರಿಂದ 2ರ ಒಳಗೆ ಮೆಸೇಜ್ ಬರುತ್ತೆ. ಅಲ್ಲಿವರೆಗೆ ಕಾಯಬೇಡಿ, ಮಲಗಿ."

ಇದರಲ್ಲಿ ಮೂರು ಸಂಗತಿ ಗಮನಿಸಿ. ನಡುರಾತ್ರಿ ದಾಟಿದ ಮೇಲೆ 'ನಾಳೆ' ಎಂದರೆ ಯಾವ ದಿನವೆಂದು ಗೊಂದಲವಾಗುತ್ತದೆ, ಅದಕ್ಕೇ ವಾರದ ಹೆಸರು. ಹೊತ್ತು ಭಾರತದ್ದು, ಮನೆಯವರು ಲೆಕ್ಕ ಹಾಕಬೇಕಾಗಿಲ್ಲ. ವಿಮಾನ ಇಳಿಯುವ ಹೊತ್ತಿಗೆ ಎರಡು ಗಂಟೆ ಸೇರಿಸಿ ಹೇಳಿರುವುದು ಇಮಿಗ್ರೇಶನ್ ಸಾಲು, ವೈಫೈ ತಾಪತ್ರಯ, ಸಣ್ಣಪುಟ್ಟ ವಿಳಂಬಕ್ಕೆ. ಅಣ್ಣ ಫೋನಿನಲ್ಲಿ ವಿಮಾನದ ಜಾಡು ನೋಡುತ್ತ 11:50ಕ್ಕೇ "ಇಳಿದಿದೆ" ಎಂದುಬಿಟ್ಟರೆ, ಅಮ್ಮ 11:55ರಿಂದಲೇ ಮೆಸೇಜಿಗೆ ಕಾಯತೊಡಗುತ್ತಾರೆ. ಇಳಿದದ್ದು ವಿಮಾನ, ಮಗಳು ಇನ್ನೂ ಸಾಲಿನಲ್ಲಿದ್ದಾಳೆ ಎಂದು ಅಣ್ಣನಿಗೆ ಮೊದಲೇ ಹೇಳಿಡಬೇಕು.

ಇಳಿದ ಮೇಲೆ ಎರಡನೆಯದು:

"ಫ್ರಾಂಕ್‌ಫರ್ಟ್‌ನಲ್ಲಿ ಇಳಿದೆ, ಆರಾಮಾಗಿದ್ದೀನಿ. ಲಗೇಜ್ ತಗೊಂಡು ರೈಲು ಹತ್ತಬೇಕು. ರೂಮಿಂದ ಸಂಜೆ 6ರ ಒಳಗೆ ಕಾಲ್ ಮಾಡ್ತೀನಿ."

ಇದರ ಹಿಂದೆಯೇ ಅಜ್ಜಿಗೆ ಹತ್ತು ಸೆಕೆಂಡಿನ ವಾಯ್ಸ್ ನೋಟ್. ಕಾರ್ಲ್ಸ್‌ರೂಹೆಗೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ. ಎಲ್ಲ ಸರಿಹೋದರೆ ಅಲ್ಲಿನ ಮಧ್ಯಾಹ್ನ ಒಂದರ ಹೊತ್ತಿಗೆ, ಹಾಸನದ ನಾಲ್ಕೂವರೆಗೆ, ರೂಮು. ಆದರೂ 6 ಎಂದು ಹೇಳಿದ್ದು ಬೇಕೆಂದೇ. ರೈಲು ತಪ್ಪಬಹುದು, ಕೀ ಕೊಡುವವರು ಊಟಕ್ಕೆ ಹೋಗಿರಬಹುದು. ನಾಲ್ಕೂವರೆಗೆ ಎಂದು ಹೇಳಿ ಐದೂವರೆಗೆ ಮಾಡಿದರೆ ಒಂದು ಗಂಟೆ ಆತಂಕ. ಆರಕ್ಕೆ ಎಂದು ಹೇಳಿ ಐದೂವರೆಗೆ ಮಾಡಿದರೆ ಅರ್ಧ ಗಂಟೆ ಮುಂಚೆಯೇ ಸಂತೋಷ.

ರೂಮಿನಿಂದ ವಿಡಿಯೋ ಕಾಲ್ ಮುಗಿದ ಮೇಲೆ, ಅದೇ ಚಾಟ್‌ನಲ್ಲಿ ವಿಳಾಸ, ರೂಮ್ ನಂಬರ್, ಪಕ್ಕದ ರೂಮಿನವರ ಅಥವಾ ಒಬ್ಬ ಗೆಳತಿಯ ಫೋನ್ ನಂಬರ್ (ಅವರನ್ನು ಕೇಳಿಯೇ) ಬರೆದು ಪಿನ್ ಮಾಡಿಡಿ. ಕಾಲ್‌ನಲ್ಲಿ ಹೇಳಿದ ವಿಳಾಸ ಯಾರಿಗೂ ನೆನಪಿರುವುದಿಲ್ಲ.

ದಿನದ ಸುದ್ದಿಗೆ ಯಾವುದು

ಇಲ್ಲಿ ಆಯ್ಕೆ ಮೂರು: ದಿನಕ್ಕೊಂದು ಸಾಲು, ವಾರಕ್ಕೊಂದು ದೊಡ್ಡ ಕಾಲ್, ಅಥವಾ ದೊಡ್ಡ ಫ್ಯಾಮಿಲಿ ಗ್ರೂಪ್‌ನಲ್ಲಿ ಆಗಾಗ ಫೋಟೊ.

ಫ್ಯಾಮಿಲಿ ಗ್ರೂಪನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ. ಗ್ರೂಪ್‌ನಲ್ಲಿ ಎಲ್ಲರ ಫೋನಿಗೂ ಮುಟ್ಟುವವರೆಗೆ ಎರಡು ಟಿಕ್ ಬರುವುದಿಲ್ಲ, ಅಮ್ಮನಿಗೆ ಮುಟ್ಟಿತೋ ಇಲ್ಲವೋ ಒಂದೇ ನೋಟಕ್ಕೆ ತಿಳಿಯದು. ಮೂವತ್ತು ಗುಡ್ ಮಾರ್ನಿಂಗ್‌ಗಳ ಕೆಳಗೆ ಮಗಳ ಸಾಲು ಹೂತುಹೋಗುತ್ತದೆ, ಅದು ಬರದಿದ್ದ ದಿನ ಯಾರ ಗಮನಕ್ಕೂ ಬಾರದೆ ಹೋಗಬಹುದು. 'ಸ್ವಲ್ಪ ಜ್ವರ' ಎಂದು ಬರೆದರೆ ಅಮ್ಮ ನೋಡುವ ಮುಂಚೆ ಚಿಕ್ಕಪ್ಪ ನೋಡಿ ಫೋನ್ ಮಾಡಿ ಗಾಬರಿ ಹುಟ್ಟಿಸುತ್ತಾರೆ. ಹಬ್ಬದ ಫೋಟೊ ಅಲ್ಲಿರಲಿ. ಕ್ಷೇಮದ ಸಾಲಿಗೆ ಅಪ್ಪ, ಅಮ್ಮ, ಅಣ್ಣ ಇರುವ ಸಣ್ಣ ಗ್ರೂಪ್ ಬೇರೆ ಮಾಡಿ.

ದಿನದ ಸಾಲು ಮತ್ತು ವಾರದ ಕಾಲ್ ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ದಿನದ ಸಾಲನ್ನು ಆರಿಸಿ. ವಾರಕ್ಕೊಮ್ಮೆ ಮಾತಾಡುವ ಮನೆಯಲ್ಲಿ ಸೋಮವಾರ ಏನಾದರೂ ಆದರೆ ಭಾನುವಾರದವರೆಗೆ ಯಾರಿಗೂ ಗೊತ್ತಾಗದೆ ಹೋಗಬಹುದು. ಕಾಲ್ ಮಾತಿನ ಸುಖಕ್ಕೆ, ಸಾಲು ಸುರಕ್ಷತೆಗೆ. ಲ್ಯಾಬು, ಪಾರ್ಟ್‌ಟೈಮ್ ಕೆಲಸದ ನಡುವೆ ದಿನವೂ ಆಗದೆಂದು ಅನ್ನಿಸಿದರೆ ಸೋಮ, ಬುಧ, ಶುಕ್ರ ಎಂದು ಗೊತ್ತುಮಾಡಿ, ಭಾನುವಾರ ಕಾಲ್ ಇಟ್ಟುಕೊಳ್ಳಿ. ದಿನವೂ ಎಂದು ಒಪ್ಪಿ ನಾಲ್ಕು ದಿನ ತಪ್ಪಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ತಪ್ಪುವುದೇ ರೂಢಿಯಾದರೆ, ನಿಜಕ್ಕೂ ತೊಂದರೆಯಾದ ದಿನ ಮನೆಯವರು "ಮರೆತಿರಬೇಕು" ಎಂದು ಸುಮ್ಮನಿರುತ್ತಾರೆ.

ಲಾಸ್ಟ್ ಸೀನ್ ನೋಡಿ ಸಮಾಧಾನ ಪಡುವ ಮನೆಗಳೂ ಇವೆ. ಅದರಿಂದ ಫೋನ್ ಬಳಕೆಯಾದದ್ದು ತಿಳಿಯುತ್ತದೆ, ಮಗಳು ಹೇಗಿದ್ದಾಳೆ ಎಂಬುದಲ್ಲ. ಎರಡು ಟಿಕ್ ಬಂದರೂ ಅಷ್ಟೇ, ಫೋನ್ ನೆಟ್‌ನಲ್ಲಿದೆ ಎಂದಷ್ಟೇ ಅರ್ಥ.

ಹೊತ್ತು ಗೊತ್ತುಮಾಡುವಾಗ ಒಂದು ಬಲೆ ಇದೆ. ಅಕ್ಟೋಬರ್ ಆರಂಭದಲ್ಲಿ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಮಗಳು ಅಲ್ಲಿನ ಸಂಜೆ 6ಕ್ಕೆ ಕಳಿಸಿದ್ದು ಹಾಸನಕ್ಕೆ ರಾತ್ರಿ 9:30ಕ್ಕೆ ಬರುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ, 2026ರಲ್ಲಾದರೆ 25ರಂದು, ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಂತರ ನಾಲ್ಕೂವರೆ ಗಂಟೆಯಾಗುತ್ತದೆ. ಮಗಳು ಎಂದಿನಂತೆ 6ಕ್ಕೇ ಕಳಿಸುತ್ತಾಳೆ, ಮನೆಯಲ್ಲಿ ಹತ್ತೂವರೆ. ಮಲಗುವ ಹೊತ್ತು ದಾಟಿದರೂ ಮೆಸೇಜ್ ಇಲ್ಲವೆಂದು ಆ ಒಂದು ಗಂಟೆ ಮನೆಯವರೆಲ್ಲ ಎದ್ದು ಕೂತಿರುತ್ತಾರೆ. ಹಾಗಾಗಿ ಹೊತ್ತನ್ನು ಭಾರತದ ಗಡಿಯಾರಕ್ಕೆ ಕಟ್ಟಿ, ಫೋನಿನ ಅಲಾರಂ ಬದಲಾಯಿಸಿಕೊಳ್ಳುವ ಹೊಣೆ ಮಗಳದ್ದಾಗಲಿ. ಮಾರ್ಚ್ ಕೊನೆಯ ಭಾನುವಾರ ಮತ್ತೆ ಮೂರೂವರೆಗೆ ಬರುತ್ತದೆ. ಬ್ರಿಟನ್‌ನಲ್ಲೂ ಅವೇ ಭಾನುವಾರಗಳು, ಅಂತರ ಬೇಸಿಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ. ಅಮೆರಿಕದಲ್ಲಿ ನವೆಂಬರ್ ಮೊದಲ ಭಾನುವಾರ, ಮಾರ್ಚ್ ಎರಡನೆಯ ಭಾನುವಾರ. ಅಲ್ಲಿನ ಪೂರ್ವ ಕರಾವಳಿಯವರಿಗೆ ಬೆಳಿಗ್ಗೆ 8ರ ಸಾಲು ಸರಿ, ಚಳಿಗಾಲದಲ್ಲಿ ಅದು ಊರಿಗೆ ಸಂಜೆ ಆರೂವರೆಗೆ ಬರುತ್ತದೆ.

ಸಾಲಿನಲ್ಲಿ ಏನಿರಬೇಕು? ಬರೇ "ಚೆನ್ನಾಗಿದ್ದೀನಿ" ಎರಡು ವಾರದಲ್ಲಿ ಸವೆದುಹೋಗುತ್ತದೆ. ಆ ದಿನದ ಒಂದು ಚಿಕ್ಕ ಸಂಗತಿ ಇದ್ದರೆ ಅದೇ ಸಮಾಧಾನ: "ಚಿತ್ರಾನ್ನ ಮಾಡ್ಕೊಂಡೆ, ಸಾಸಿವೆ ಸೀದೋಯ್ತು. ನಾಳೆ 8ಕ್ಕೆ ಲ್ಯಾಬ್." ಓದುವ ಅಮ್ಮನಿಗೆ ಮಗಳು ಒಲೆಯ ಮುಂದೆ ನಿಂತದ್ದು ಕಾಣುತ್ತದೆ. ನೆಟ್ ಸಿಗದ ಊರಿಗೆ ಹೋಗುವುದಿದ್ದರೆ ಹಿಂದಿನ ದಿನವೇ ಹೇಳಿ, ಮತ್ತೆ ಯಾವಾಗ ಸಿಗುವಿರೆಂದೂ ಬರೆಯಿರಿ. ಹುಷಾರಿಲ್ಲದಾಗ ಮುಚ್ಚಿಡಬೇಡಿ, ನಾಲ್ಕು ಮಾತು ಸಾಕು: "ನಿನ್ನೆಯಿಂದ ಜ್ವರ, 100. ಮಾತ್ರೆ ತಗೊಂಡೆ. ಪಕ್ಕದ ರೂಮಿನವಳು ಗಂಜಿ ಮಾಡಿಕೊಟ್ಲು. ರಾತ್ರಿ 9ಕ್ಕೆ ಮತ್ತೆ ಹೇಳ್ತೀನಿ." ಏನಾಗಿದೆ, ಏನು ಮಾಡಿದೆ, ಜೊತೆಗೆ ಯಾರಿದ್ದಾರೆ, ಮುಂದಿನ ಸುದ್ದಿ ಯಾವಾಗ. ನಾಲ್ಕನೆಯದು ಬಿಟ್ಟುಹೋದರೆ ಮನೆಯಿಂದ ಗಂಟೆಗೊಂದು ಕಾಲ್ ಬರುತ್ತದೆ.

ಸಾಲು ಬರದಿದ್ದರೆ

ಇದನ್ನು ಹೊರಡುವ ಮುಂಚೆ ಒಟ್ಟಿಗೆ ಕೂತು ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೋ ಕ್ಯಾಲೆಂಡರ್ ಹಿಂದೋ ಅಂಟಿಸಿ. ಗೊತ್ತಾದ ಹೊತ್ತು ಮೀರಿ ಮೂರು ಗಂಟೆಯಾದರೆ ಮೊದಲು ವಾಟ್ಸಾಪ್ ಕಾಲ್, ಎತ್ತದಿದ್ದರೆ ಅಲ್ಲಿನ ನಂಬರಿಗೆ ಸಾದಾ ಕಾಲ್. ಮರುದಿನ ಬೆಳಿಗ್ಗೆಯವರೆಗೂ ಸುದ್ದಿಯಿಲ್ಲದಿದ್ದರೆ ಪಿನ್ ಮಾಡಿಟ್ಟ ಗೆಳತಿಯ ನಂಬರ್. ಬಾಗಿಲು ತಟ್ಟಿ ನೋಡಬಲ್ಲವಳು ಅವಳೊಬ್ಬಳೇ. ಅವಳೂ ಸಿಗದಿದ್ದರೆ, ಅಥವಾ ಬಾಗಿಲು ತೆರೆಯದಿದ್ದರೆ, ಹಾಸ್ಟೆಲಿನ ಕೇರ್‌ಟೇಕರ್ ಮತ್ತು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿ; ಆಮೇಲೆ ಭಾರತದ ಕಾನ್ಸುಲೇಟ್. ವಿಮಾನ ಇಳಿದ ಊರಿನ ಕಾನ್ಸುಲೇಟೇ ನಿಮ್ಮದು ಎಂದುಕೊಳ್ಳಬೇಡಿ. ಫ್ರಾಂಕ್‌ಫರ್ಟ್‌ನಲ್ಲೂ ಒಂದಿದೆ, ಆದರೆ ಕಾರ್ಲ್ಸ್‌ರೂಹೆ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮ್ಯೂನಿಕ್ ಕಾನ್ಸುಲೇಟಿಗೆ ಸೇರುತ್ತದೆ. ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ವಿದ್ಯಾರ್ಥಿಯ ವಿವರ ಮೊದಲೇ ನೋಂದಾಯಿಸಿಟ್ಟಿದ್ದರೆ ಆ ಹೊತ್ತಿನಲ್ಲಿ ಹುಡುಕಾಟ ಕಡಿಮೆ.

ಆ ಹಾಳೆಯಲ್ಲಿ ಬರೇ 112 ಎಂದು ಬರೆಯಬೇಡಿ. ಜರ್ಮನಿಯಲ್ಲಿ ಅದು ಆಂಬುಲೆನ್ಸ್, ಅಗ್ನಿಶಾಮಕದ ನಂಬರ್, ಪೊಲೀಸರಿಗೆ 110. ಮಗಳ ಫೋನಿನಿಂದಾದರೆ ಸರಿ. ಹಾಸನದಿಂದ 112 ಒತ್ತಿದರೆ ಎತ್ತುವುದು ಕರ್ನಾಟಕದ ಪೊಲೀಸರು. ಅಲ್ಲಿನ ಠಾಣೆಯ ಪೂರ್ತಿ ನಂಬರ್ ಬೇಕು: ಕಾರ್ಲ್ಸ್‌ರೂಹೆಯ ನಂಬರುಗಳು ಅಲ್ಲಿ 0721ರಿಂದ ಶುರುವಾಗುತ್ತವೆ, ಇಲ್ಲಿಂದ ಮಾಡುವಾಗ ಆ ಮೊದಲ ಸೊನ್ನೆಯನ್ನು ಬಿಟ್ಟು +49 721 ಎಂದು ಒತ್ತಬೇಕು. ಹಾಳೆಯಲ್ಲಿ ಎಲ್ಲ ನಂಬರುಗಳನ್ನೂ ಹೀಗೆ +49 ಸೇರಿಸಿಯೇ ಬರೆದಿಡಿ, ಅಪ್ಪ ನೋಡಿದ ಹಾಗೇ ಒತ್ತಿದರೆ ಕಾಲ್ ಹೋಗುವಂತೆ.